ಮುಟ್ಟು ಎಲ್ಲಿಗೆ ಹೋಯಿತು?

ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ‘ಅಂತರ’ ಸೂಜಿ; ತೋಳಿನ ಚರ್ಮದಡಿ ಮೂರು ವರ್ಷ ಕೂರುವ ಇಂಪ್ಲಾಂಟ್ ಕಡ್ಡಿ. ಎರಡೂ ಬಸಿರು ತಡೆಯುತ್ತವೆ, ಎರಡೂ ಮುಟ್ಟಿನ ಲೆಕ್ಕ ತಪ್ಪಿಸುತ್ತವೆ. ಸೂಜಿಯ ಗಲಿಬಿಲಿ ತಿಂಗಳು ಕಳೆದಂತೆ ಅಡಗುತ್ತದೆ, ಕಡ್ಡಿಯದು ಅಷ್ಟು ಸುಲಭಕ್ಕೆ ಅಡಗದು. ಯಾಕೆ ಹೀಗೆ? ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?

ಗುರುವಾರ ಲಸಿಕೆಯ ದಿನ. ಬರಗೂರು ಸೀಮೆಯ ಯಾವ ಉಪಕೇಂದ್ರಕ್ಕೆ ಹೋದರೂ ಜಗುಲಿಯ ಮೇಲೆ ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಅಜ್ಜಿಯರು. ಒಳಗೆ ಸಿಸ್ಟರ್ ಕೈಯಲ್ಲಿ ರಿಜಿಸ್ಟರು, ಮೇಜಿನ ಮೇಲೆ ಲಸಿಕೆಯ ಡಬ್ಬಿ. ಮಗುವಿಗೆ ಲಸಿಕೆ ಹಾಕಿಸಿದ ಮೇಲೂ ಒಬ್ಬಾಕೆ ಎದ್ದು ಹೋಗುವುದಿಲ್ಲ. ಜನ ಕರಗುವವರೆಗೆ ಕಾದು, ಸೆರಗಿನ ಮರೆಯಿಂದ ಮಡಚಿದ ಕಾರ್ಡೊಂದನ್ನು ತೆಗೆಯುತ್ತಾಳೆ. ‘ಅಂತರ’ ಸೂಜಿಯ ಕಾರ್ಡು ಅದು.

“ಸಿಸ್ಟರ್, ಮದ್ಲು ಹದಿನೈದು ದಿನ ಬಟ್ಟೆ ಕಲೆ ಆಗ್ತಾನೇ ಇತ್ತು. ಈಗ ನೋಡಿದ್ರೆ ಎರಡು ತಿಂಗಳಿಂದ ಏನೂ ಇಲ್ಲ. ಆ ರಕ್ತ ಎಲ್ಲಾ ಒಳಗೇ ಕಟ್ಕಂಡೈತಾ?”

“ಕಟ್ಕಳಕ್ಕೆ ರಕ್ತ ಇರ್ಬೇಕಲ್ಲ ಕಣಮ್ಮ. ಬಿತ್ತನೇನೇ ಮಾಡ್ದಿರೋ ಹೊಲ್ದಾಗೆ ಕಡ್ಲೆಕಾಯಿ ಕೀಳಕ್ಕೆ ಆಗ್ತದಾ?”

ಈ ಮಾತುಕತೆ ಒಂದು ಊರಿನದಲ್ಲ. ಸೂಜಿ ಹಾಕಿಸಿಕೊಂಡವರು ಇರುವಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ನಡೆಯುವಂಥದು. ಪ್ರತಿವರ್ಷ ಜುಲೈ 11ರ ವಿಶ್ವ ಜನಸಂಖ್ಯಾ ದಿನದ ಆಸುಪಾಸಿನಲ್ಲಿ ಆಸ್ಪತ್ರೆಯ ಗೋಡೆಗಳ ಮೇಲೆ ವಂಕಿ, ಮಾತ್ರೆ, ನಿರೋಧ್, ಆಪರೇಷನ್‌ಗಳ ಜೊತೆಗೆ ಸೂಜಿಯ ಚಿತ್ರವೂ ಕಾಣಿಸುತ್ತದೆ. ‘ಮುಟ್ಟಿನಲ್ಲಿ ಏರುಪೇರಾಗಬಹುದು’ ಎಂಬ ಒಂದು ಸಾಲು ಕೆಳಗಿರುತ್ತದೆ. ಹಾಕಿಸಿಕೊಂಡವಳು ತಿಂಗಳುಗಟ್ಟಲೆ ಬಾಳಬೇಕಾದದ್ದು ಆ ಒಂದು ಸಾಲಿನೊಂದಿಗೆ.

ಗುಟ್ಟಾಗಿ ಉಳಿಯದ ಮುಟ್ಟು

ಶಿರಾ, ಮಧುಗಿರಿ, ಪಾವಗಡ ಭಾಗದಲ್ಲಿ ಈ ಏರುಪೇರಿಗೆ ಇನ್ನೊಂದು ತೂಕವಿದೆ. ಇಲ್ಲಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರು ಮನೆ ಬಿಟ್ಟು ಆಚೆ ಇರುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಸಾಮಾನ್ಯವಾಗಿ ಮೂರರಿಂದ ಐದು ದಿನ. ಬಾಣಂತಿಗಾದರೆ ಇನ್ನೂ ಹೆಚ್ಚು. ಮರದಡಿಯಲ್ಲೋ ಗುಡಿಸಿಲಿನಲ್ಲೋ ಇರುವ ಹೆಂಗಸರಿಗೆ ನೆರಳಾಗಲೆಂದು ಸರ್ಕಾರ ಕೆಲವು ಹಟ್ಟಿಗಳ ಅಂಚಿನಲ್ಲಿ ‘ಕೃಷ್ಣ ಕುಟೀರ’ಗಳನ್ನೂ ಕಟ್ಟಿಸಿತು. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಊರಾಚೆ ಇಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಡಿ ಅಪರಾಧ. ಆದರೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯ ಜೊತೆ ಊರ ಹೊರಗಿನ ಗುಡಿಸಿಲಿನಲ್ಲಿದ್ದ ಹಸುಗೂಸು ಸತ್ತ ಸುದ್ದಿ ರಾಜ್ಯವನ್ನೇ ಕಲಕಿತು.

ಹಟ್ಟಿಯ ಹೊರಗೂ, ಬೇರೆ ಜಾತಿಗಳ ಮನೆಗಳಲ್ಲೂ, ಮುಟ್ಟು ಅಡುಗೆಮನೆಯನ್ನು, ದೇವರ ಕೋಣೆಯನ್ನು, ನಮಾಜು–ಉಪವಾಸಗಳನ್ನು ಮುಟ್ಟುವ ಸಂಗತಿಯೇ. ಇಂಥ ಕಡೆ ಹದಿನೈದು ದಿನ ಬಿಟ್ಟೂ ಬಿಡದೆ ಬಟ್ಟೆಗೆ ಕಲೆಯಾದರೆ ಯಾವುದನ್ನು ಮುಟ್ಟೆಂದು ಎಣಿಸುವುದು? ಎಷ್ಟು ದಿನ ಆಚೆ ಇರುವುದು? ಪೂರ್ತಿ ನಿಂತೇ ಹೋದರೆ ಇನ್ನೊಂದು ಫಜೀತಿ. ವಂಕಿ ಬೇಡವೆಂದು, ಯಾರಿಗೂ ಕಾಣದಿರಲೆಂದು ಸೂಜಿ ಹಾಕಿಸಿಕೊಂಡ ಸೊಸೆ ಎರಡು ತಿಂಗಳು ಆಚೆ ಬಾರದಿದ್ದರೆ ಅತ್ತೆಗೆ, ಓರಗಿತ್ತಿಗೆ, ಅಕ್ಕಪಕ್ಕದವರಿಗೆ ಅದು ಗೊತ್ತಾಗದೇ ಇರುವುದಿಲ್ಲ. “ನಿಂತದಾ?” ಎಂಬ ಪ್ರಶ್ನೆ ಬಸಿರಿನ ಪ್ರಶ್ನೆಯಾಗಿಯೇ ಬರುತ್ತದೆ.

ಆದ್ದರಿಂದ ಏನಾಗುತ್ತದೆ, ಯಾವಾಗ ಆಗುತ್ತದೆ ಎಂಬುದು ಸೂಜಿ ಚುಚ್ಚುವ ಮೊದಲೇ ಗೊತ್ತಿರಬೇಕು.

ತಿಂಗಳ ಲೆಕ್ಕ ಇಡುವವರು ಯಾರು?

ಮುಟ್ಟೆಂದರೆ ಮೈಯೊಳಗಿನ ಕೆಟ್ಟ ರಕ್ತ ಹೊರಹೋಗುವುದು ಎಂಬ ನಂಬಿಕೆ ಗಟ್ಟಿಯಾಗಿದೆ. ನಿಂತರೆ ಭಯವಾಗುವುದೂ ಅದಕ್ಕೇ. ನಿಜಕ್ಕೂ ಆಗುವುದೇ ಬೇರೆ.

ಪ್ರತಿ ತಿಂಗಳೂ ಅಂಡಾಶಯದಲ್ಲಿ ಅಂಡವಿರುವ ಪುಟ್ಟ ಚೀಲವೊಂದು ಬಲಿಯುತ್ತದೆ. ಬಲಿಯುತ್ತ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಹೊಸ ರಕ್ತನಾಳಗಳು ಬೆಳೆಯುತ್ತವೆ. ಅಂಡ ಹೊರಬಿದ್ದ ಮೇಲೆ ಅದೇ ಚೀಲ ಪ್ರೊಜೆಸ್ಟರಾನ್ ಎಂಬ ಎರಡನೆಯ ಹಾರ್ಮೋನನ್ನು ಕೊಡುತ್ತದೆ. ಇದು ಪದರವನ್ನು ಬೆಳೆಯಲು ಬಿಡದೆ ಹದಗೊಳಿಸಿ, ಬಸಿರಿಗೆ ಅಣಿ ಮಾಡುತ್ತದೆ. ಬಸಿರಾಗದಿದ್ದರೆ ಸುಮಾರು ಎರಡು ವಾರಕ್ಕೆ ಆ ಚೀಲ ಬತ್ತುತ್ತದೆ, ಎರಡೂ ಹಾರ್ಮೋನು ಒಟ್ಟಿಗೆ ಇಳಿಯುತ್ತವೆ. ಆ ಇಳಿತವೇ ಮುಟ್ಟಿನ ಕರೆ. ಒಳಪದರದ ಮೇಲ್ಭಾಗ ಎಲ್ಲ ಕಡೆ ಒಂದೇ ಹೊತ್ತಿಗೆ ಕಳಚುತ್ತದೆ, ನಾಳಗಳು ಬಿಗಿದುಕೊಳ್ಳುತ್ತವೆ, ನಾಲ್ಕೈದು ದಿನದಲ್ಲಿ ಹೊಸ ಪದರ ಬೆಳೆಯಲು ಶುರುವಾಗುತ್ತದೆ. ಹೋಗುವ ರಕ್ತ ಸಾಮಾನ್ಯವಾಗಿ 30–40 ಮಿಲಿ ಲೀಟರ್. 80 ದಾಟಿದರೆ ಅತಿಸ್ರಾವ.

ಹಾಗಾದರೆ ಮುಟ್ಟು ಶುರುವಾಗುವುದಕ್ಕೂ ಹೊತ್ತಿಗೆ ಸರಿಯಾಗಿ ನಿಲ್ಲುವುದಕ್ಕೂ ಬೇಕಾದದ್ದು ಹಾರ್ಮೋನಿನ ಏರಿಳಿತ. ಸೂಜಿಯೂ ಕಡ್ಡಿಯೂ ತೆಗೆದುಹಾಕುವುದು ಇದನ್ನೇ. ಎರಡರಲ್ಲೂ ಇರುವುದು ಪ್ರೊಜೆಸ್ಟರಾನ್‌ನಂಥ ಕೃತಕ ಹಾರ್ಮೋನು ಮಾತ್ರ. ದಿನವೂ ನುಂಗುವ ಸಾಮಾನ್ಯ ಮಾತ್ರೆಯಲ್ಲಿ ಈಸ್ಟ್ರೋಜೆನ್ ಕೂಡ ಇರುತ್ತದೆ. ಜೊತೆಗೆ ತಿಂಗಳ ಕೊನೆಯ ವಾರ ಹಾರ್ಮೋನಿಲ್ಲದ ಮಾತ್ರೆ ಬರುವುದರಿಂದ ಇಳಿತವೂ ಸಿಗುತ್ತದೆ, ಹೇಳಿದ ದಿನಕ್ಕೆ ರಕ್ತ ಕಾಣಿಸುತ್ತದೆ. ಸೂಜಿ–ಕಡ್ಡಿಗಳಲ್ಲಿ ಇಳಿತವೇ ಇಲ್ಲ. ಕರೆ ಬರದೆ ಪದರ ಒಟ್ಟಿಗೆ ಕಳಚುವುದೂ ಇಲ್ಲ.

ಕಲೆಯಾಗುವುದು ಯಾಕೆ?

‘ಅಂತರ’ದಲ್ಲಿರುವುದು ಮೆಡ್ರಾಕ್ಸಿ ಪ್ರೊಜೆಸ್ಟರಾನ್ ಅಸಿಟೇಟ್, ಒಂದು ಮಿಲಿ ಲೀಟರ್ ನೀರಿನಲ್ಲಿ 150 ಮಿಲಿಗ್ರಾಂ. ಅದು ಕರಗಿರುವುದಿಲ್ಲ, ಸಣ್ಣ ಹರಳುಗಳಾಗಿ ತೇಲುತ್ತಿರುತ್ತದೆ. ಹಾಗಾಗಿಯೇ ಸಿಸ್ಟರ್ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ ಎಳೆಯುತ್ತಾರೆ. ಮಾಂಸಖಂಡಕ್ಕೆ ಹೋದ ಹರಳುಗಳು ಮೂರು ತಿಂಗಳ ಕಾಲ ನಿಧಾನವಾಗಿ ಕರಗುತ್ತವೆ. ಚುಚ್ಚಿದ ಜಾಗವನ್ನು ಉಜ್ಜಬೇಡ, ಬಿಸಿನೀರಿನ ಶಾಖ ಕೊಡಬೇಡ ಎನ್ನುವುದು ಅವು ಬೇಗ ಕರಗಿಹೋಗದಿರಲಿ ಎಂದು.

ರಕ್ತಕ್ಕೆ ಸೇರಿದ ಔಷಧಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಸುಮ್ಮನಾಗಿಸುತ್ತದೆ. ಅಂಡ ಬಿಡುಗಡೆಯಾಗುವುದಿಲ್ಲ. ಅಂಡಾಶಯದ ಚೀಲಗಳೂ ಅಷ್ಟಾಗಿ ಬಲಿಯವು. ಈಸ್ಟ್ರೋಜೆನ್ ಮುಟ್ಟಿನ ಮೊದಲ ದಿನಗಳಲ್ಲಿ ಇರುವಷ್ಟು ಕೆಳಮಟ್ಟದಲ್ಲೇ ನಿಲ್ಲುತ್ತದೆ. ಹೊಸದಾಗಿ ಪದರ ಬೆಳೆಯಲು ಹೇಳುವವರೇ ಇಲ್ಲವಾಗುತ್ತಾರೆ.

ಆದರೆ ಮೊದಲ ಸೂಜಿ ಬೀಳುವ ದಿನ ಪದರ ಇದ್ದೇ ಇರುತ್ತದೆ. ಅದು ಮುಟ್ಟಿನಂತೆ ಒಮ್ಮೆಗೇ ಕಳಚದೆ ತಿಂಗಳುಗಟ್ಟಲೆ ತೆಳುವಾಗುತ್ತ ಹೋಗುತ್ತದೆ. ತೊಂದರೆ ಈ ನಡುಗಾಲದಲ್ಲಿ. ಇಂಥ ಔಷಧಿ ಪಡೆದವರ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದ ವೈದ್ಯರಿಗೆ ಪದರದ ಮೇಲ್ಮೈಯಲ್ಲಿ ಹಿಗ್ಗಿದ, ಗೋಡೆ ತೆಳ್ಳಗಾದ ಸಣ್ಣ ರಕ್ತನಾಳಗಳು ಕಂಡಿವೆ. ಅವುಗಳ ಸುತ್ತಲಿನ ಆಸರೆಯ ಕೋಶಗಳೂ ಸಡಿಲ. ಇಂದು ಒಂದು ಕಡೆ ನಾಳ ಒಡೆದು ಜಿನುಗುತ್ತದೆ, ಅದು ಮಾಯುವಷ್ಟರಲ್ಲಿ ಇನ್ನೊಂದು ಕಡೆ. ಬಟ್ಟೆಯ ಮೇಲೆ ಕಂದು ಕಲೆ ದಿನಗಟ್ಟಲೆ ಬರುವುದು, ಮೂರು ದಿನ ನಿಂತು ಮತ್ತೆ ಬರುವುದು ಇದರಿಂದ.

ಇಲ್ಲಿ ದಿನಗಳ ಲೆಕ್ಕವನ್ನೂ ರಕ್ತದ ಲೆಕ್ಕವನ್ನೂ ಬೇರೆಬೇರೆ ಇಡಬೇಕು. ಹದಿನೈದು ದಿನದ ಕಲೆಗಳನ್ನೆಲ್ಲ ಕೂಡಿಸಿದರೂ ಒಂದು ಸಾಮಾನ್ಯ ಮುಟ್ಟಿನ ರಕ್ತಕ್ಕಿಂತ ಕಡಿಮೆ ಇರುವುದೇ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ. ಅಂಥವರಿಗೆ ವರ್ಷವಿಡೀ ಹೋಗುವ ಒಟ್ಟು ರಕ್ತ ಕಡಿಮೆಯಾಗುವುದು ಲಾಭವೇ.

ಪದರ ಪೂರ್ತಿ ತೆಳುವಾಗಿ, ಒಡೆಯಲು ನಾಳಗಳೇ ವಿರಳವಾದಾಗ ಕಲೆ ನಿಲ್ಲುತ್ತದೆ, ಮುಟ್ಟೂ ನಿಲ್ಲುತ್ತದೆ. ಒಳಗೆ ಕಟ್ಟಿಕೊಂಡದ್ದು ಏನೂ ಇಲ್ಲ. ಒಂದು ವರ್ಷ ತಪ್ಪದೆ ಹಾಕಿಸಿಕೊಂಡವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ, ಎರಡು ವರ್ಷಕ್ಕೆ ಸುಮಾರು ಮೂರರಲ್ಲಿ ಎರಡು ಪಾಲಿಗೆ ಮುಟ್ಟು ಕಾಣಿಸುವುದಿಲ್ಲ. ಇದು ಮುಟ್ಟು ಹೋಗುವ ವಯಸ್ಸು ಬೇಗ ಬಂದಂತೆ ಅಲ್ಲ. ಅಂಡಗಳು ಅಲ್ಲೇ ಇವೆ, ಔಷಧಿ ಇಳಿದ ಮೇಲೆ ಅಂಡಾಶಯ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಈಸ್ಟ್ರೋಜೆನ್ ಕಡಿಮೆ ಇರುವಷ್ಟು ದಿನ ಎಲುಬಿನ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ಸೂಜಿ ಬಿಟ್ಟ ಮೇಲೆ ಚೇತರಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಮುಂದುವರಿಸುವವರು ಆಗಾಗ ವೈದ್ಯರೊಂದಿಗೆ ಮಾತಾಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಒಂದು ವರ್ಷದ ಕಾರ್ಡು

ಲೆಕ್ಕ ಹೇಗೆ ನಡೆಯುತ್ತದೆಂದು ಉದಾಹರಣೆಯೊಂದನ್ನು ಇಟ್ಟುಕೊಂಡು ನೋಡಬಹುದು. ಇಪ್ಪತ್ತಾರರ ಹರೆಯದ, ಇಬ್ಬರು ಮಕ್ಕಳ ತಾಯಿ ಜೂನ್ 10ರಂದು, ಮುಟ್ಟಾದ ಮೂರನೇ ದಿನ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಪರೀಕ್ಷಿಸಿದ ಮೇಲೆ ಮೊದಲ ಸೂಜಿ ಹಾಕಿಸಿಕೊಳ್ಳುತ್ತಾಳೆ ಎನ್ನಿ.

ಮೂರನೇ ವಾರಕ್ಕೆ ಕಂದು ಕಲೆ ಶುರು. ಹನ್ನೆರಡು ದಿನ ಬರುತ್ತದೆ, ಐದು ದಿನ ಬಿಡುತ್ತದೆ, ಮತ್ತೆ ವಾರವಿಡೀ ಕಾಣುತ್ತದೆ. ಆಗಸ್ಟಿನಲ್ಲಿ ಒಮ್ಮೆ ನಾಲ್ಕು ದಿನ ಮುಟ್ಟಿನಂತೆಯೇ ಹೋಗುತ್ತದೆ. ಅವಳ ತಾಯಿ “ಸೂಜಿ ಮೈಗೆ ಹಿಡೀಲಿಲ್ಲ, ಉಷ್ಣ ಆಗೈತೆ, ಬಿಟ್ಬಿಡು” ಎನ್ನುವುದು ಈ ಹೊತ್ತಿನಲ್ಲೇ. ಆದರೆ ಬಿಟ್ಟ ಮಾತ್ರಕ್ಕೆ ಕಲೆ ನಿಲ್ಲುವುದಿಲ್ಲ. ಚುಚ್ಚಿದ ಔಷಧಿಯನ್ನು ಹೊರತೆಗೆಯುವ ದಾರಿ ಇಲ್ಲ, ಇಳಿಯಲು ತಿಂಗಳುಗಳೇ ಬೇಕು. ಬಿಟ್ಟವಳಿಗೆ ಕೆಲಕಾಲ ಏರುಪೇರೂ ಉಳಿಯುತ್ತದೆ, ಬಸಿರು ತಡೆಯುವ ಬಲವೂ ಕುಂದುತ್ತ ಹೋಗುತ್ತದೆ.

ಅವಳು ಸೆಪ್ಟೆಂಬರ್ 10ಕ್ಕೆ ಎರಡನೇ ಸೂಜಿ ಹಾಕಿಸಿಕೊಂಡಳೆಂದರೆ ಕಲೆಯ ದಿನಗಳು ಕಡಿಮೆಯಾಗತೊಡಗುತ್ತವೆ. ಡಿಸೆಂಬರ್ 10ರ ಮೂರನೆಯದರ ಬಳಿಕ ಒಂದೆರಡು ಸಲ ಚುಕ್ಕೆಯಷ್ಟು ಕಾಣಿಸೀತು. ಮಾರ್ಚಿನ ನಾಲ್ಕನೆಯದರ ಹೊತ್ತಿಗೆ ಏನೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಎಲ್ಲರ ಕಾರ್ಡೂ ಹೀಗೇ ಇರುವುದಿಲ್ಲ. ಕೆಲವರಿಗೆ ಮೊದಲ ಸೂಜಿಗೇ ನಿಲ್ಲುತ್ತದೆ. ಎಳೆ ಮಗುವಿಗೆ ಮೊಲೆಯುಣಿಸುವವರಲ್ಲಿ ಹೀಗಾಗುವುದು ಹೆಚ್ಚು. ಕೆಲವರಿಗೆ ವರ್ಷವಾದರೂ ಕಲೆ ಬಿಡುವುದಿಲ್ಲ. ಆದರೆ ಸಾಗುವ ದಿಕ್ಕು ಇದು: ಮೊದಲು ಗಲಿಬಿಲಿ, ಆಮೇಲೆ ವಿರಳ, ಕೊನೆಗೆ ಇಲ್ಲ.

ಈ ದಿಕ್ಕು ತಿರುಗಿದರೆ ಎಚ್ಚರವಾಗಬೇಕು. ಆರೆಂಟು ತಿಂಗಳು ಏನೂ ಇಲ್ಲದೆ ಇದ್ದವಳಿಗೆ ಒಮ್ಮೆಗೇ ಜೋರಾಗಿ ಹೋದರೆ ಅದನ್ನು ಸೂಜಿಯ ತಲೆಗೆ ಕಟ್ಟಿ ಸುಮ್ಮನಿರುವಂತಿಲ್ಲ. ಬಸಿರು, ಗರ್ಭಕೋಶದ ಗಡ್ಡೆ, ಸೋಂಕು, ಗರ್ಭಕೊರಳಿನ ತೊಂದರೆ ಇವೆಯೇ ಎಂದು ನೋಡಲೇಬೇಕು.

> ದಿನ ತಪ್ಪಿದರೆ?
>
> ಸೂಜಿಯ ಅವಧಿ ಮೂರು ತಿಂಗಳು. ನಿಗದಿತ ದಿನಕ್ಕಿಂತ ಎರಡು ವಾರ ಮೊದಲಿಂದ ನಾಲ್ಕು ವಾರ ತಡವಾಗುವವರೆಗೆ ಮುಂದಿನ ಸೂಜಿ ಹಾಕಿಸಿಕೊಳ್ಳಬಹುದು. ಸೆಪ್ಟೆಂಬರ್ 10ರ ಸೂಜಿಗೆ ಆಗಸ್ಟ್ 27ರಿಂದ ಅಕ್ಟೋಬರ್ 8ರವರೆಗೆ ಅವಕಾಶ. ಅದನ್ನೂ ಮೀರಿದರೆ ಬಸಿರಿಲ್ಲವೆಂದು ಖಚಿತಪಡಿಸಿಕೊಂಡು ಹಾಕುತ್ತಾರೆ, ಆಮೇಲೆ ಏಳು ದಿನ ನಿರೋಧ್ ಬಳಸಬೇಕು. ಮುಟ್ಟು ಬರಲಿಲ್ಲವೆಂದು ಸೂಜಿ ಮುಂದೂಡಬಾರದು. ಸೂಜಿಯ ದಿನ ಕಾರ್ಡಿನಲ್ಲಿದೆ, ಮುಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಕಡ್ಡಿಯ ಕಥೆಯೇ ಬೇರೆ

ಇಂಪ್ಲಾಂಟ್ ಎನ್ನುವುದು ನಾಲ್ಕು ಸೆಂಟಿಮೀಟರ್ ಉದ್ದ, ಎರಡು ಮಿಲಿಮೀಟರ್ ದಪ್ಪದ ಮೆತ್ತನೆಯ ಕಡ್ಡಿ. ಮೇಲ್ತೋಳಿನ ಒಳಮಗ್ಗುಲಲ್ಲಿ, ಜಾಗವನ್ನು ಮರಗಟ್ಟಿಸಿ, ಚರ್ಮದ ಕೆಳಗೆ ಸೇರಿಸುತ್ತಾರೆ. ಅದರಲ್ಲಿರುವುದು 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್. ಸರ್ಕಾರಿ ಕುಟುಂಬ ಯೋಜನೆಗೆ ಇದನ್ನು ತರುವ ಕೆಲಸ 2023ರಲ್ಲಿ ಕರ್ನಾಟಕವೂ ಸೇರಿದಂತೆ ಆಯ್ದ ರಾಜ್ಯಗಳ ಕೆಲವು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು.

ಸೂಜಿಯ ಅನುಭವವನ್ನು ಇದಕ್ಕೆ ಅನ್ವಯಿಸಿ “ಒಂದು ವರ್ಷ ತಾಳಿಕೋ, ನಿಂತುಹೋಗುತ್ತದೆ” ಎಂದರೆ ಅದು ಸುಳ್ಳು ಭರವಸೆಯಾದೀತು. ಕಡ್ಡಿಯಿಂದ ಹೊರಬರುವ ಔಷಧಿ ತೀರಾ ಕಡಿಮೆ. ಮೊದಲ ವಾರಗಳಲ್ಲಿ ದಿನಕ್ಕೆ 60–70 ಮೈಕ್ರೋಗ್ರಾಂ. ಮೂರನೇ ವರ್ಷದ ಕೊನೆಗೆ 25–30. ಅಂಡ ಬಿಡುಗಡೆಯಾಗದಂತೆ ತಡೆಯಲು ಇಷ್ಟು ಧಾರಾಳ ಸಾಕು. ಅಂಡಾಶಯದ ಚೀಲಗಳು ಬಲಿಯದಂತೆ ತಡೆಯಲು ಸಾಲದು. ಅವು ಬಲಿಯುತ್ತವೆ, ಅಂಡ ಬಿಡದೆ ಬತ್ತುತ್ತವೆ, ಆ ಹೊತ್ತಿನಲ್ಲಿ ಈಸ್ಟ್ರೋಜೆನ್ ಕೊಡುತ್ತಲೇ ಇರುತ್ತವೆ. ಎಲುಬಿಗೆ ಇದು ಒಳ್ಳೆಯದೇ. ಮುಟ್ಟಿನ ಲೆಕ್ಕಕ್ಕೆ ಮಾತ್ರ ತೊಡಕು. ಒಂದು ಹಾರ್ಮೋನು ಪದರವನ್ನು ಬೆಳೆಸುತ್ತಿದ್ದರೆ ಇನ್ನೊಂದು ತೆಳುಗೊಳಿಸುತ್ತಿರುತ್ತದೆ. ಪದರ ಪೂರ್ತಿ ತೆಳುವಾಗಿ ಶಾಂತವಾಗುವ ಹಂತ ಹಲವರಿಗೆ ಬರುವುದೇ ಇಲ್ಲ.

ಹನ್ನೊಂದು ವೈದ್ಯಕೀಯ ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆ 923 ಮಹಿಳೆಯರ ರಕ್ತಸ್ರಾವವನ್ನು ಮೂರು ಮೂರು ತಿಂಗಳ ಕಂತುಗಳಲ್ಲಿ ಲೆಕ್ಕ ಹಾಕಿತು. ನೂರು ಕಂತುಗಳನ್ನು ತೆಗೆದುಕೊಂಡರೆ ಸುಮಾರು 22ರಲ್ಲಿ ಮುಟ್ಟೇ ಇರಲಿಲ್ಲ, 34ರಲ್ಲಿ ವಿರಳವಾಗಿತ್ತು. ಸುಮಾರು 18ರಲ್ಲಿ ಒಮ್ಮೆ ಶುರುವಾದದ್ದು ಎರಡು ವಾರ ದಾಟಿ ಎಳೆಯಿತು. ಏಳರಲ್ಲಿ ಪದೇ ಪದೇ ಕಾಣಿಸಿತು. ನೂರರಲ್ಲಿ ಹನ್ನೊಂದು ಮಹಿಳೆಯರು ಈ ಕಾರಣಕ್ಕೇ ಕಡ್ಡಿ ತೆಗೆಸಿಕೊಂಡರು.

ಅದೇ ವಿಶ್ಲೇಷಣೆಯಲ್ಲಿ ಕೈಗೆ ಸಿಗುವಂಥ ಒಂದು ಸುಳಿವೂ ಇದೆ. ಮೊದಲ ಮೂರು ತಿಂಗಳಲ್ಲಿ ಹಿತವಾದ ನಡೆ ಕಂಡವರಿಗೆ ಮುಂದೆಯೂ ಹೆಚ್ಚುಕಡಿಮೆ ಹಾಗೇ ನಡೆಯಿತು. ಕಿರಿಕಿರಿಯಿಂದ ಶುರುವಾದವರಲ್ಲಿ ಅರ್ಧದಷ್ಟು ಮಂದಿಗೆ ಮುಂದೆ ಸುಧಾರಿಸಿತು, ಉಳಿದರ್ಧಕ್ಕೆ ಇಲ್ಲ. ಕಡ್ಡಿ ಹಾಕಿಸಿಕೊಂಡವಳಿಗೆ ಮೊದಲ ಮೂರು ತಿಂಗಳ ಕ್ಯಾಲೆಂಡರೇ ದೊಡ್ಡ ಮಾಹಿತಿ. ಕಲೆಯಾದ ದಿನಕ್ಕೊಂದು ಚುಕ್ಕೆ, ಪ್ಯಾಡು ಅಥವಾ ಬಟ್ಟೆ ಬೇಕಾದಷ್ಟು ಹೋದ ದಿನಕ್ಕೊಂದು ಗೆರೆ ಎಳೆದಿಟ್ಟರೂ ಸಾಕು, ವೈದ್ಯರಿಗೆ ತೋರಿಸಲು ಏನೋ ಇರುತ್ತದೆ.

> ಪಟನ್‌ಚೆರುವಿನ ನೆನಪು
>
> ಸೂಜಿಯ ಬಗ್ಗೆ ಅನುಮಾನ ಹುಟ್ಟಿದ್ದು ಹಳ್ಳಿಗಳಲ್ಲಿ ಮಾತ್ರವಲ್ಲ. 1985ರಲ್ಲಿ ಹೈದರಾಬಾದ್ ಬಳಿಯ ಪಟನ್‌ಚೆರುವಿನಲ್ಲಿ ಇದೇ ಬಗೆಯ ನೆಟ್–ಎನ್ ಎಂಬ ಇನ್ನೊಂದು ಸೂಜಿಯ ಪ್ರಯೋಗ ನಡೆಯುತ್ತಿದ್ದಾಗ, ಮಹಿಳೆಯರಿಗೆ ಸರಿಯಾಗಿ ತಿಳಿಸಿಲ್ಲವೆಂದು ಸ್ತ್ರೀ ಶಕ್ತಿ ಸಂಘಟನ ಪ್ರತಿಭಟಿಸಿತು. ಮರುವರ್ಷ ಬೇರೆ ಮಹಿಳಾ ಸಂಘಟನೆಗಳೊಂದಿಗೆ ಸುಪ್ರೀಂ ಕೋರ್ಟಿಗೂ ಹೋಯಿತು. ‘ಅಂತರ’ದಲ್ಲಿರುವ ಔಷಧಿಗೆ 1990ರ ದಶಕದಲ್ಲಿ ಖಾಸಗಿ ಮಾರಾಟದ ಅನುಮತಿ ಸಿಕ್ಕರೂ ಸರ್ಕಾರಿ ಯೋಜನೆಯೊಳಗೆ ಬಂದದ್ದು 2017ರಲ್ಲಿ. ಮಹಿಳೆಯರಿಗೆ ಎಲ್ಲವನ್ನೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು ಆ ಹೋರಾಟದ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿತ್ತು.

ಔಷಧಿ ಇಲ್ಲವೇ?

ಇದೆ, ಆದರೆ ಬುಡ ಸರಿಪಡಿಸುವಂಥದ್ದಲ್ಲ. ಕಲೆ ಬಿಡದೆ ಕಾಡಿದರೆ ವೈದ್ಯರು ನೋವಿಗೂ ಕೊಡುವ ಮೆಫೆನಾಮಿಕ್ ಆಸಿಡ್ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡರಂತೆ ಐದು ದಿನ ಬರೆಯುವುದುಂಟು. ಟ್ರಾನೆಕ್ಸಾಮಿಕ್ ಆಸಿಡ್ ಇನ್ನೊಂದು ದಾರಿ. ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವ ತೊಂದರೆ ಇಲ್ಲದವರಿಗೆ ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಕೆಲವು ವಾರ ಕೊಡುತ್ತಾರೆ. ಇದರಿಂದ ಪದರ ತಾತ್ಕಾಲಿಕವಾಗಿ ಗಟ್ಟಿಯಾಗಿ ನಾಳಗಳಿಗೆ ಆಸರೆ ಸಿಗುತ್ತದೆ. ಮೊಲೆಯುಣಿಸುವ ಎಳೆ ಬಾಣಂತಿಯರಿಗೆ ಅದು ಸಲ್ಲದು. ಯಾವುದೇ ಮಾತ್ರೆಯಾದರೂ ನಿಲ್ಲಿಸಿದ ಮೇಲೆ ಕಲೆ ಮರಳಬಹುದು. ಅಂಗಡಿಯಲ್ಲಿ ಕೇಳಿ ತಂದು ನುಂಗುವುದು ತರವಲ್ಲ, ಬಸಿರೋ ಗಡ್ಡೆಯೋ ಮರೆಯಾಗಿ ಉಳಿದೀತು.

ಎರಡನೇ ಸೂಜಿಯನ್ನು ಬೇಗ ಹಾಕಿಸಿಕೊಂಡರೆ ಕಲೆ ನಿಲ್ಲುತ್ತದೆ ಎಂದು ನಂಬುವವರಿದ್ದಾರೆ. ಕಲೆಯಾಗುವುದು ಔಷಧಿ ತೀರಿದ್ದರಿಂದ ಅಲ್ಲವಾದ್ದರಿಂದ ಆ ಲೆಕ್ಕ ನಿಲ್ಲುವುದಿಲ್ಲ. ರಕ್ತ ಕಂಡಿತೆಂದರೆ ಸೂಜಿ ಕೆಲಸ ಮಾಡುತ್ತಿಲ್ಲ ಎಂಬ ಅಂಜಿಕೆಯೂ ತಪ್ಪು. ಕಲೆಯಾಗುವ ದಿನಗಳಲ್ಲೂ ಅಂಡ ಬಿಡುಗಡೆ ತಡೆದೇ ಇರುತ್ತದೆ.

> ಕಾಯದೆ ಆಸ್ಪತ್ರೆಗೆ ಹೋಗಬೇಕಾದದ್ದು
>
> • ಎಂಟು ದಿನ ದಾಟಿ ಮುಟ್ಟಿನಂತೆಯೇ ಹೋಗುತ್ತಿದ್ದರೆ, ಅಥವಾ ಹಿಂದಿನ ಮುಟ್ಟಿನ ಎರಡರಷ್ಟು ಹೋದರೆ
> • ತಲೆಸುತ್ತು, ಏದುಸಿರು, ಮೈ ಬಿಳಿಚಿಕೊಳ್ಳುವುದು ಕಂಡರೆ
> • ಗಂಡ ಹೆಂಡಿರು ಕೂಡಿದ ಬಳಿಕ ರಕ್ತ ಕಂಡರೆ
> • ಬಹಳ ತಿಂಗಳು ನಿಂತಿದ್ದು ಒಮ್ಮೆಗೇ ಜೋರಾಗಿ ಬಂದರೆ
> • ಸೂಜಿಯ ದಿನ ತಪ್ಪಿ, ವಾಕರಿಕೆ ಅಥವಾ ಮೊಲೆ ನೋವು ಇದ್ದರೆ
> • ಕೆಳಹೊಟ್ಟೆಯ ಒಂದೇ ಮಗ್ಗುಲಲ್ಲಿ ತೀವ್ರ ನೋವು, ಜ್ವರ, ವಾಸನೆಯ ಬಿಳಿಸೆರಗು ಇದ್ದರೆ
>
> ಸೂಜಿಗೆ ಮೊದಲೇ ಕಾರಣ ತಿಳಿಯದ ರಕ್ತಸ್ರಾವ ಇದ್ದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಕಾರಣ ಗೊತ್ತಾಗುವವರೆಗೆ ಸೂಜಿ, ಕಡ್ಡಿ ಎರಡನ್ನೂ ಸಾಮಾನ್ಯವಾಗಿ ಶುರು ಮಾಡುವುದಿಲ್ಲ.

ಮೊದಲೇ ಹೇಳಿದರೆ ಎಷ್ಟು ಫರಕು?

ಮೆಕ್ಸಿಕೋದಲ್ಲಿ ಇದೇ ಔಷಧಿಯ ಸೂಜಿ ಪಡೆಯುತ್ತಿದ್ದ 350 ಮಹಿಳೆಯರ ಮೇಲೆ ನಡೆದು, 2001ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಒಂದು ಗುಂಪಿಗೆ ಎಂದಿನಂತೆ ಸಾಮಾನ್ಯ ಮಾಹಿತಿ. ಇನ್ನೊಂದು ಗುಂಪಿಗೆ ಮುಟ್ಟು ಏರುಪೇರಾಗುತ್ತದೆ, ಕಲೆಯಾಗುತ್ತದೆ, ನಿಂತೂ ಹೋಗುತ್ತದೆ, ಯಾಕೆ ಹಾಗಾಗುತ್ತದೆ ಎಂದು ಮೊದಲೇ ಬಿಡಿಸಿ ಹೇಳಿ, ಪ್ರತಿ ಭೇಟಿಯಲ್ಲೂ ಮತ್ತೆ ಹೇಳಿದರು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 43 ಮಂದಿ ಸೂಜಿ ಬಿಟ್ಟಿದ್ದರೆ ಎರಡನೆಯದರಲ್ಲಿ ಬಿಟ್ಟವರು 17. ಔಷಧಿಯೂ ಅದೇ, ಪ್ರಮಾಣವೂ ಅದೇ.

ಬರಗೂರು ಸೀಮೆಯಲ್ಲಿ ಹೇಳುವ ಮಾತಿಗೆ ಇನ್ನೆರಡು ಪ್ರಶ್ನೆ ಸೇರಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಮುಟ್ಟಾದಾಗ ಏನು ನಡೆಸುತ್ತೀರಿ? ಸೂಜಿಯ ವಿಷಯ ಮನೆಯಲ್ಲಿ ಯಾರಿಗೆ ಗೊತ್ತು? ಹದಿನೈದು ದಿನದ ಕಲೆ ಒಬ್ಬಳಿಗೆ ಬರೀ ಕಿರಿಕಿರಿಯಾದರೆ ಆಚೆ ಕೂರಬೇಕಾದವಳಿಗೆ ಚಳಿ, ಮಳೆ, ಹಾವಿನ ಭಯ, ತಪ್ಪಿದ ಕೂಲಿ. ಅಂಥವಳಿಗೆ ಹಾರ್ಮೋನಿಲ್ಲದ ವಂಕಿಯೋ ಬೇರೆ ವಿಧಾನವೋ ಹೊಂದೀತು. ವಂಕಿಯಲ್ಲಿ ಮುಟ್ಟು ತುಸು ಹೆಚ್ಚು ಹೋದರೂ ತಿಂಗಳ ಲೆಕ್ಕ ಉಳಿಯುತ್ತದೆ. ಇನ್ನೊಬ್ಬಳಿಗೆ ಮುಟ್ಟು ನಿಲ್ಲುವುದೇ ಬೇಕಾದದ್ದು. ಮೊದಲ ಆರು ತಿಂಗಳನ್ನು ದಾಟಿಸಿಕೊಂಡರೆ ಅವಳಿಗೆ ಸೂಜಿ ಒಗ್ಗುತ್ತದೆ. ಕಂದು ಚುಕ್ಕೆ ಒಡೆದ ನಾಳದ ಜಿನುಗು, ಪದರ ಕಳಚುವ ಮುಟ್ಟಲ್ಲ ಎಂದು ಆಶಾ ಕಾರ್ಯಕರ್ತೆ ಅತ್ತೆಯ ಎದುರಿಗೇ ಹೇಳಿದರೆ ಕೆಲವು ಮನೆಗಳಲ್ಲಿ ಅಷ್ಟರಮಟ್ಟಿಗೆ ದಾರಿ ಸಲೀಸಾದೀತು. ಆದರೆ ಗುಟ್ಟಾಗಿ ಹಾಕಿಸಿಕೊಂಡವಳ ಮನೆಗೆ ಈ ಮಾತು ಒಯ್ಯುವಂತಿಲ್ಲ, ಅದು ಅವಳ ಒಪ್ಪಿಗೆಗೆ ಬಿಟ್ಟದ್ದು.

ಬಿಡುವ ವಿಷಯದಲ್ಲೂ ಸೂಜಿಗೂ ಕಡ್ಡಿಗೂ ಅಂತರವಿದೆ. ಸೂಜಿ ಬಿಟ್ಟವಳಿಗೆ ಮುಟ್ಟು ಮರಳಲು ತಿಂಗಳುಗಳು ಹಿಡಿಯುತ್ತವೆ. ಕೊನೆಯ ಸೂಜಿಯಿಂದ ಎಣಿಸಿದರೆ ಬಸಿರಾಗಲು ಸರಾಸರಿ ಏಳರಿಂದ ಹತ್ತು ತಿಂಗಳು. ಮುಂದಿನ ವರ್ಷ ಮಗು ಬೇಕೆನ್ನುವವರು ಈ ತಡವನ್ನು ಲೆಕ್ಕಕ್ಕೆ ಹಿಡಿದೇ ಸೂಜಿ ಶುರು ಮಾಡಬೇಕು. ಕಡ್ಡಿ ತೆಗೆಸಿದರೆ ಒಂದು ವಾರದೊಳಗೆ ಔಷಧಿ ರಕ್ತದಿಂದ ಮಾಯವಾಗುತ್ತದೆ. ಕೆಲವೇ ವಾರಗಳಲ್ಲಿ ಅಂಡ ಬಿಡುಗಡೆ ಶುರು, ಮೊದಲ ಮುಟ್ಟಿಗೆ ಮುನ್ನವೇ ಬಸಿರಾಗಲೂಬಹುದು.

ತೆಗೆಯುವುದು ಮನೆಯ ಕೆಲಸವಲ್ಲ. ತರಬೇತಾದ ವೈದ್ಯರೇ ತೋಳಿನಲ್ಲಿ ಸಣ್ಣ ಗಾಯ ಮಾಡಿ ಕಡ್ಡಿಯನ್ನು ಹೊರಗೆಳೆಯಬೇಕು. ಹಾಗಾಗಿ ಕಡ್ಡಿ ಹಾಕಿಸಿಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಬೇಕಾದ ಸಂಗತಿಗಳಿವೆ: ತೆಗೆಯುವವರು ಯಾವ ಆಸ್ಪತ್ರೆಯಲ್ಲಿದ್ದಾರೆ, ವಾರದ ಯಾವ ದಿನ ಸಿಗುತ್ತಾರೆ, ಮೂರು ವರ್ಷ ತುಂಬುವ ತಾರೀಖು ಯಾವುದು. ಕಲೆ ತಾಳಲಾರೆ ಎಂದು ಆರನೇ ತಿಂಗಳಿಗೇ ಬಂದವಳಿಗೂ ಇಲ್ಲ ಎನ್ನದೆ ತೆಗೆದುಕೊಡಬೇಕು. ತೆಗೆದ ದಿನದಿಂದಲೇ ಅವಳಿಗೆ ಬೇರೊಂದು ವಿಧಾನ ಬೇಕಾಗುತ್ತದೆ, ಅದನ್ನು ಅದೇ ಭೇಟಿಯಲ್ಲಿ ಕೊಟ್ಟು ಕಳಿಸಬೇಕು.